*ಹಿರಿಯರ ಒಣಚರ್ಮ ಮತ್ತು ತುರಿಕೆ: ಯಾವ ಸೋಪು, ಎಷ್ಟು ಕ್ರೀಮು?*



ಊರಿನಿಂದ ಅಪ್ಪ ಅಮ್ಮ ಚಳಿಗಾಲಕ್ಕೆ ದೆಹಲಿಗೋ ಪುಣೆಗೋ ಬಂದಿರುತ್ತಾರೆ. ಮೂರ್ನಾಲ್ಕು ವಾರ ಕಳೆಯುವುದರೊಳಗೆ "ಕಾಲೆಲ್ಲಾ ತುರಿಕೆ, ರಾತ್ರಿ ನಿದ್ದೆಯೇ ಇಲ್ಲ" ಎಂದು ಶುರುವಾಗುತ್ತದೆ. ನೀರು ಒಗ್ಗಲಿಲ್ಲ, ರಕ್ತ ಕೆಟ್ಟಿದೆ ಎಂದು ಮನೆಯವರು ಒಂದೊಂದು ಕಾರಣ ಹೇಳುತ್ತಾರೆ. ಹೆಚ್ಚಿನ ಸಲ ಕಾರಣ ಸ್ನಾನದ ಮನೆಯಲ್ಲೇ ಇರುತ್ತದೆ. ಇಂದಿನ ಭಾಗದಲ್ಲಿ ಅದನ್ನು ನೋಡೋಣ.

*ವಯಸ್ಸಾದ ಮೇಲೆ ಚರ್ಮ ಒಣಗುವುದೇಕೆ?*

ನಮ್ಮ ಚರ್ಮದ ಮೇಲ್ಪದರವನ್ನು ಇಟ್ಟಿಗೆ ಗೋಡೆ ಎಂದುಕೊಳ್ಳಿ. ಜೀವಕೋಶಗಳು ಇಟ್ಟಿಗೆ, ಅವುಗಳ ನಡುವಿನ ಜಿಡ್ಡು ಗಾರೆ. ಒಳಗಿನ ನೀರು ಆವಿಯಾಗಿ ಹೋಗದಂತೆ ತಡೆಯುವುದು ಈ ಗಾರೆಯೇ. ವಯಸ್ಸಾದಂತೆ ಗಾರೆ ತೆಳುವಾಗುತ್ತದೆ, ಎಣ್ಣೆ ಗ್ರಂಥಿ ಮತ್ತು ಬೆವರು ಗ್ರಂಥಿಗಳ ಕೆಲಸ ತಗ್ಗುತ್ತದೆ, ಹಾಳಾದ ಗಾರೆ ಮತ್ತೆ ಕೂಡಿಕೊಳ್ಳಲು ಹೆಚ್ಚು ದಿನ ಹಿಡಿಯುತ್ತದೆ. ಮೊಣಕಾಲಿನ ಕೆಳಗೆ ಎಣ್ಣೆ ಗ್ರಂಥಿಗಳು ಮೊದಲೇ ಕಡಿಮೆ. ಅದಕ್ಕೇ ತೊಂದರೆ ಮೊದಲು ಕಾಣುವುದು ಅಲ್ಲಿ.

ಮೊದಲು ಬಿಳಿ ಹೊಟ್ಟು ಏಳುತ್ತದೆ. ಉಗುರಿನಿಂದ ಗೀಚಿದರೆ ಗೆರೆ ಬೀಳುತ್ತದೆ. ಅದನ್ನು ಹಾಗೇ ಬಿಟ್ಟರೆ ಬೇಸಿಗೆಯಲ್ಲಿ ಬತ್ತಿದ ಕೆರೆಯ ತಳದಂತೆ ಚರ್ಮ ಬಲೆಬಲೆಯಾಗಿ ಬಿರುಕು ಬಿಡುತ್ತದೆ. ಬಿರುಕಿನ ಅಂಚು ಕೆಂಪಾಗಿ ಉರಿಯುತ್ತದೆ. ಅಷ್ಟು ಹೊತ್ತಿಗೆ ಅದು ಬರೀ ಒಣಚರ್ಮವಾಗಿ ಉಳಿದಿರುವುದಿಲ್ಲ, ಒಂದು ಬಗೆಯ ಎಕ್ಸಿಮಾ ಆಗಿರುತ್ತದೆ.

*ಒಂದು ಉದಾಹರಣೆ*

ಕುಂದಾಪುರ ಕಡೆಯ 74 ವರ್ಷದ ಅಮ್ಮ ಒಬ್ಬರು ನವೆಂಬರ್‌ನಲ್ಲಿ ದೆಹಲಿಯ ಮಗನ ಮನೆಗೆ ಬಂದಿದ್ದಾರೆ ಎಂದುಕೊಳ್ಳಿ. ಊರಿನ ಅಭ್ಯಾಸದಂತೆ ದಿನಕ್ಕೆ ಎರಡು ಸ್ನಾನ. ಚಳಿ ಇರುವುದರಿಂದ ಗೀಸರ್‌ನ ಸುಡುನೀರು. ಮೈಗೆಲ್ಲಾ ಸೋಪು, ತಿಕ್ಕಲು ನಾರು. ಸ್ನಾನ ಮುಗಿಸಿ ಹೀಟರ್ ಮುಂದೆ ಕೂರುತ್ತಾರೆ.

ಕರಾವಳಿಯ ತೇವದ ಗಾಳಿಯಲ್ಲಿ ಈ ಸ್ನಾನ ಹೇಗೋ ನಡೆಯುತ್ತಿತ್ತು. ದೆಹಲಿಯಲ್ಲಿ ನಡೆಯುವುದಿಲ್ಲ. ಹೊರಗೆ ಮಂಜು ಕವಿದಿದ್ದರೂ ತಣ್ಣನೆಯ ಗಾಳಿ ಹಿಡಿದಿಟ್ಟುಕೊಳ್ಳುವ ನೀರಿನಂಶ ಕಡಿಮೆ. ಅದೇ ಗಾಳಿಯನ್ನು ಕೋಣೆಯೊಳಗೆ ಹೀಟರ್‌ನಿಂದ ಬಿಸಿ ಮಾಡಿದಾಗ ಅದು ಚರ್ಮದಿಂದ ನೀರು ಹೀರುತ್ತದೆ. ಬಿಸಿನೀರು ಮತ್ತು ಸೋಪು ಗಾರೆಯನ್ನು ತೊಳೆದು ಹಾಕಿರುವಾಗ ತಡೆಯುವವರು ಯಾರೂ ಇಲ್ಲ. ಮುಂಬೈ, ಚೆನ್ನೈನಂಥ ತೇವದ ಊರುಗಳಲ್ಲೂ ಹಗಲು ರಾತ್ರಿ ಎಸಿ ಕೋಣೆಯಲ್ಲೇ ಇರುವ ಹಿರಿಯರಿಗೆ ಹೀಗೇ ಆಗುತ್ತದೆ.

*ಸೋಪು ಆರಿಸುವುದು ಹೇಗೆ?*

ಆರೋಗ್ಯವಂತ ಚರ್ಮದ ಮೇಲ್ಮೈ ಸ್ವಲ್ಪ ಹುಳಿ, ಅಂದರೆ ಪಿಎಚ್ ಸುಮಾರು 5. ಎಣ್ಣೆಗೆ ಕ್ಷಾರ ಸೇರಿಸಿ ಮಾಡಿದ ಮಾಮೂಲಿ ಸೋಪಿನ ಪಿಎಚ್ 9ರಿಂದ 10. ಪ್ರತಿ ಸ್ನಾನದಲ್ಲೂ ಈ ಕ್ಷಾರ ಚರ್ಮದ ಜಿಡ್ಡನ್ನು ಕರಗಿಸುತ್ತದೆ.

ಪೊಟ್ಟಣದ ಮೇಲೆ 'ಗ್ರೇಡ್ 1, ಟಿಎಫ್‌ಎಂ 76%' ಎಂದು ನೋಡಿ ಒಳ್ಳೆಯ ಸೋಪು ಎಂದು ಕೊಳ್ಳುತ್ತೇವೆ. ಟಿಎಫ್‌ಎಂ ಹೇಳುವುದು ಸೋಪಿನಲ್ಲಿ ಎಷ್ಟು ಕೊಬ್ಬಿನಂಶವಿದೆ ಎಂಬುದನ್ನು. ಅದು ಸೋಪಿನ ಗುಣಮಟ್ಟದ ಲೆಕ್ಕ, ಮೃದುತ್ವದ ಲೆಕ್ಕವಲ್ಲ. ಗ್ರೇಡ್ 1 ಸೋಪೂ ಕ್ಷಾರವೇ. ಆಚೆ ನೋಡಿದರೆ ಈಚೆ ಕಾಣುವ ಗ್ಲಿಸರಿನ್ ಸೋಪು ತುಸು ವಾಸಿ, ಆದರೂ ಅದು ಸೋಪೇ. 'ಹರ್ಬಲ್' ಎಂದರೆ ಮೃದು ಎಂದರ್ಥವಲ್ಲ. ಕ್ರಿಮಿನಾಶಕ ಸೋಪು ಒಣಚರ್ಮಕ್ಕೆ ಬೇಡ, ಸ್ನಾನದ ನೀರಿಗೆ ಆಂಟಿಸೆಪ್ಟಿಕ್ ದ್ರವ ಬೆರೆಸುವುದೂ ಬೇಡ.

ಪೊಟ್ಟಣವನ್ನು ತಿರುಗಿಸಿ ಸಾಮಗ್ರಿಗಳ ಪಟ್ಟಿ ಓದಿ. ಮೊದಲ ಹೆಸರುಗಳು ಸೋಡಿಯಂ ಪಾಮೇಟ್, ಸೋಡಿಯಂ ಪಾಮ್ ಕರ್ನೆಲೇಟ್ ಎಂದಿದ್ದರೆ ಅದು ಮಾಮೂಲಿ ಸೋಪು. ಮೊದಲಲ್ಲೇ ಸೋಡಿಯಂ ಕೊಕೊಯ್ಲ್ ಐಸೆಥಿಯೊನೇಟ್ ಎಂದಿದ್ದರೆ ಅದು ಸಿಂಡೆಟ್ ಬಾರ್. ನೋಡಲು ಸೋಪಿನಂತೆಯೇ ಇರುತ್ತದೆ, ಆದರೆ ಕ್ಷಾರದಿಂದ ಮಾಡಿದ್ದಲ್ಲ, ಪಿಎಚ್ ಚರ್ಮಕ್ಕೆ ಹತ್ತಿರ. ಮೆಡಿಕಲ್ ಅಂಗಡಿಯಲ್ಲಿ 'ಸಿಂಡೆಟ್ ಬಾರ್, ಪಿಎಚ್ 5.5, ಸುವಾಸನೆ ಇಲ್ಲದ್ದು' ಎಂದು ಕೇಳಿದರೆ ಕೊಡುತ್ತಾರೆ. ಇದರಲ್ಲಿ ನೊರೆ ಕಡಿಮೆ. ಹಿರಿಯರು "ಇದರಿಂದ ಕೊಳೆ ಹೋಗಲ್ಲ" ಎನ್ನುತ್ತಾರೆ. ನೊರೆಗೂ ಶುಚಿತ್ವಕ್ಕೂ ಸಂಬಂಧವಿಲ್ಲ ಎಂದು ಹೇಳಿ.

ಸರಿಯಾದದ್ದು ಸಿಕ್ಕಿದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಮೈ ಒರೆಸಿ ಹತ್ತು ನಿಮಿಷದಲ್ಲಿ ಚರ್ಮ ಬಿಗಿದು ಎಳೆದಂತೆ ಅನಿಸಿದರೆ ಆ ಸೋಪು ಅವರಿಗಲ್ಲ.

ಕಡಲೆಹಿಟ್ಟು, ಹೆಸರುಹಿಟ್ಟು ಹಚ್ಚುವವರು ತೆಳುವಾಗಿ ಕಲಸಿ ಹಚ್ಚಿ ತೊಳೆಯಬಹುದು. ಒಣಪುಡಿಯಿಂದ ತಿಕ್ಕಬಾರದು, ಬಿರುಕಿದ್ದಲ್ಲಿ ಹಚ್ಚಲೇಬಾರದು. ಸೀಗೆಪುಡಿ ತಲೆಗೆ ಮಾತ್ರ ಸಾಕು.

*ಸ್ನಾನ ಹೀಗಿರಲಿ*

ದಿನಕ್ಕೆ ಒಂದೇ ಸ್ನಾನ, ಉಗುರು ಬೆಚ್ಚಗಿನ ನೀರು, ಐದರಿಂದ ಹತ್ತು ನಿಮಿಷ. ಸೋಪು ಬೇಕಾದ್ದು ಕಂಕುಳು, ತೊಡೆಸಂದು, ಪಾದಗಳಿಗೆ ಮಾತ್ರ. ಮನೆಯೊಳಗೇ ಇರುವ ಹಿರಿಯರ ಕೈಕಾಲು, ಬೆನ್ನಿಗೆ ಬರೀ ನೀರು ಸಾಕು. ನಾರು, ತಿಕ್ಕುವ ಕಲ್ಲು ಬೇಡ. ಸಂಜೆ ಸ್ನಾನ ಮಾಡದೆ ಮನಸ್ಸು ಒಪ್ಪದವರು ಸೋಪಿಲ್ಲದೆ ಕೈಕಾಲು ಮುಖ ತೊಳೆದು ದೇವರಿಗೆ ದೀಪ ಹಚ್ಚಲಿ. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ಚರ್ಮ ಇನ್ನೂ ತುಸು ಹಸಿಯಾಗಿರುವಾಗಲೇ ಕ್ರೀಮು ಹಚ್ಚಿ. ಇದಕ್ಕೆ ಮೂರು ನಿಮಿಷ ಮೀರಬಾರದು. ಕ್ರೀಮು ಚರ್ಮಕ್ಕೆ ನೀರು ತುಂಬುವುದಕ್ಕಿಂತ ಇರುವ ನೀರನ್ನು ಹಿಡಿದಿಡುವುದೇ ಹೆಚ್ಚು. ಹಿಡಿದಿಡಲು ಆ ನೀರು ಅಲ್ಲಿರಬೇಕು.

*ಯಾವ ಕ್ರೀಮು, ಎಷ್ಟು?*

ಬಾಟಲಿಯಿಂದ ಸುರಿಯುವ ಲೋಷನ್‌ನಲ್ಲಿ ನೀರೇ ಹೆಚ್ಚು, ಬೇಗ ಆರಿಹೋಗುತ್ತದೆ. ಹಿರಿಯರ ಒಣ ಕಾಲಿಗೆ ಬೆರಳಿನಿಂದ ತೆಗೆಯಬೇಕಾದಷ್ಟು ಗಟ್ಟಿ ಕ್ರೀಮು ಬೇಕು. ಸಾಮಗ್ರಿಗಳಲ್ಲಿ ಗ್ಲಿಸರಿನ್, ಪ್ಯಾರಾಫಿನ್ ಅಥವಾ ಪೆಟ್ರೋಲಿಯಂ ಜೆಲ್ಲಿ ಇರಲಿ, ಸುವಾಸನೆ ಇರದಿರಲಿ. ದುಬಾರಿಯದ್ದೇ ಬೇಕೆಂದಿಲ್ಲ. ಸಾದಾ ಬಿಳಿ ಪೆಟ್ರೋಲಿಯಂ ಜೆಲ್ಲಿಯಷ್ಟು ಚೆನ್ನಾಗಿ ನೀರು ತಡೆಯುವ ವಸ್ತು ಕಡಿಮೆ. 10% ಯೂರಿಯಾ ಇರುವ ಕ್ರೀಮು ದಪ್ಪಗಟ್ಟಿದ ಒಣಚರ್ಮಕ್ಕೂ ಹಿಮ್ಮಡಿಗೂ ಒಳ್ಳೆಯದು, ಆದರೆ ಬಾಯಿ ಬಿಟ್ಟ ಬಿರುಕಿಗೆ ತಾಗಿದರೆ ಉರಿಯುತ್ತದೆ. ಅಲ್ಲಿ ಬಿರುಕು ಕೂಡುವ ತನಕ ಪೆಟ್ರೋಲಿಯಂ ಜೆಲ್ಲಿಯೇ ಸರಿ.

ಕೊಬ್ಬರಿ ಎಣ್ಣೆಯನ್ನೂ ಹಚ್ಚಬಹುದು, ಸಾಧಾರಣ ಒಣಚರ್ಮಕ್ಕೆ ಅದು ಸಾಕಾಗುತ್ತದೆ. ಉತ್ತರದ ಊರುಗಳಲ್ಲಿ ನೆರೆಯವರು ಸಾಸಿವೆ ಎಣ್ಣೆ ಹಚ್ಚಲು ಹೇಳುತ್ತಾರೆ. ಅದು ಚರ್ಮವನ್ನು ಕೆರಳಿಸುತ್ತದೆ, ಬಿರುಕಿನ ಮೇಲೆ ಬೇಡ.

ಬಹಳ ಮನೆಗಳಲ್ಲಿ ತಪ್ಪುವುದು ಪ್ರಮಾಣದಲ್ಲಿ. ಡಾಕ್ಟರುಗಳು ಬೆರಳ ತುದಿಯ ಅಳತೆ ಬಳಸುತ್ತಾರೆ. ತೋರುಬೆರಳಿನ ಕೊನೆಯ ಗೆರೆಯಿಂದ ತುದಿಯವರೆಗೆ ಟ್ಯೂಬಿನಿಂದ ಹಿಂಡಿದ ಕ್ರೀಮು ಸುಮಾರು ಅರ್ಧ ಗ್ರಾಂ. ಒಂದು ಕಾಲಿಗೆ 6, ಪಾದಕ್ಕೆ 2 ಅಳತೆ ಬೇಕು. ಎರಡೂ ಕಾಲಿಗೆ ಒಟ್ಟು 16 ಅಳತೆ, ಅಂದರೆ 8 ಗ್ರಾಂ. ದಿನಕ್ಕೆ ಎರಡು ಸಲವೆಂದರೆ 16 ಗ್ರಾಂ, ವಾರಕ್ಕೆ 112 ಗ್ರಾಂ. ಆ ಅಮ್ಮನಿಗೆ 30 ಗ್ರಾಂ ಟ್ಯೂಬ್ ತಂದರೆ ಎರಡು ದಿನಕ್ಕೂ ಸಾಲದು. ತಿಂಗಳೆಲ್ಲಾ ಬರುತ್ತಿದೆ ಎಂದರೆ ಹಚ್ಚುತ್ತಿರುವುದು ತೀರಾ ಕಡಿಮೆ ಎಂದೇ ಅರ್ಥ. ದೊಡ್ಡ ಡಬ್ಬಿಯನ್ನೇ ತನ್ನಿ. ಅಗ್ಗದ್ದನ್ನು ಧಾರಾಳವಾಗಿ ಹಚ್ಚುವುದು, ದುಬಾರಿಯದ್ದನ್ನು ಜಿಪುಣತನದಿಂದ ಹಚ್ಚುವುದಕ್ಕಿಂತ ಮೇಲು.

ಕೂದಲು ಬೆಳೆಯುವ ದಿಕ್ಕಿನಲ್ಲಿ ಕೆಳಮುಖವಾಗಿ ಸವರಿ, ಮೇಲೆ ಕೆಳಗೆ ಉಜ್ಜಬೇಡಿ. ಬೆರಳುಸಂದಿಗೆ ಬೇಡ.

⚠️ *ಎರಡು ಎಚ್ಚರಿಕೆಗಳು*

ಒಂದು, ಜಾರುವುದು. ಸ್ನಾನದ ಮನೆಯಲ್ಲಿ ಹಚ್ಚಬೇಡಿ. ಮಂಚದ ಮೇಲೆ ಕೂರಿಸಿ ಹಚ್ಚಿ, ಪಾದಕ್ಕೆ ಹತ್ತಿಯ ಕಾಲುಚೀಲ ಹಾಕಿ, ಮೇಲೆ ಜಾರದ ಚಪ್ಪಲಿ ಹಾಕಿಸಿ.

ಎರಡು, ಬೆಂಕಿ. ಕ್ರೀಮು, ಜೆಲ್ಲಿ, ಎಣ್ಣೆಯ ಜಿಡ್ಡು ದಿನವೂ ಹೀರಿದ ಹತ್ತಿ ಬಟ್ಟೆಗೆ ಕಿಡಿ ತಾಗಿದರೆ ಬೇಗ ಹೊತ್ತಿಕೊಳ್ಳುತ್ತದೆ, ತೊಳೆದರೂ ಜಿಡ್ಡು ಪೂರ್ತಿ ಹೋಗುವುದಿಲ್ಲ. ದೀಪ ಹಚ್ಚುವ, ಒಲೆ ಮುಂದೆ ನಿಲ್ಲುವ, ಬೀಡಿ ಸೇದುವ ಹಿರಿಯರ ಸೀರೆ, ಪಂಚೆಯನ್ನು ಆಗಾಗ ಬದಲಿಸಿ, ಸೆರಗು ಸಿಕ್ಕಿಸಿಕೊಳ್ಳಲು ಹೇಳಿ.

*ಎರಡು ವಾರ ಕಳೆದರೂ ಕಡಿಮೆಯಾಗದಿದ್ದರೆ*

ಹೀಗೆ ಮಾಡಿದರೆ ಬರೀ ಒಣಚರ್ಮದ ತುರಿಕೆ ಕೆಲವೇ ದಿನಗಳಲ್ಲಿ ಇಳಿಯಬೇಕು, ಎರಡು ವಾರದಲ್ಲಿ ಹೊಟ್ಟು ಮಾಯವಾಗಬೇಕು. ಆ ಅಮ್ಮನಂತೆ ಆಗಲೇ ಕೆಂಪು ಬಿರುಕುಗಳಿದ್ದರೆ ಕ್ರೀಮಿನ ಜೊತೆ ಕೆಲವು ದಿನ ಸ್ಟೀರಾಯ್ಡ್ ಮುಲಾಮು ಬೇಕಾಗಬಹುದು. ಅದನ್ನು ಚರ್ಮದ ಡಾಕ್ಟರ್ ನೋಡಿ ಕೊಡಬೇಕು. ಅಂಗಡಿಗೆ ಹೋಗಿ "ಖುಜಲಿ ಕಾ ಕ್ರೀಮ್" ಎಂದು ಕೇಳಿದರೆ ಸ್ಟೀರಾಯ್ಡ್, ಫಂಗಸ್ ಔಷಧಿ, ಆಂಟಿಬಯಾಟಿಕ್ ಮೂರೂ ಬೆರೆಸಿದ ಟ್ಯೂಬ್ ಕೈಗೆ ಬರುವುದು ಸಾಮಾನ್ಯ. ಎರಡು ದಿನ ಹಾಯೆನಿಸುತ್ತದೆ, ತಿಂಗಳುಗಟ್ಟಲೆ ಹಚ್ಚಿದರೆ ಮೊದಲೇ ತೆಳುವಾದ ಚರ್ಮ ಇನ್ನೂ ತೆಳುವಾಗುತ್ತದೆ.

ಎಲ್ಲ ತುರಿಕೆಯೂ ಒಣಚರ್ಮದ್ದಲ್ಲ. ಈ ಕೆಳಗಿನವು ಕಂಡರೆ ಡಾಕ್ಟರ ಬಳಿ ಹೋಗಿ:

👉 ರಾತ್ರಿ ತುರಿಕೆ ಜೋರು, ಬೆರಳುಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ಗುಳ್ಳೆ, ಮನೆಯ ಬೇರೆಯವರಿಗೂ ತುರಿಕೆ. ಇದು ಕಜ್ಜಿ ಇರಬಹುದು. ಮನೆಯವರೆಲ್ಲರೂ ಒಟ್ಟಿಗೇ ಔಷಧಿ ಹಚ್ಚಬೇಕಾಗುತ್ತದೆ.

👉 ಚರ್ಮ ಒಣಗಿಲ್ಲ, ಆದರೂ ಮೈಯೆಲ್ಲಾ ವಾರಗಟ್ಟಲೆ ತುರಿಕೆ. ಮೂತ್ರಪಿಂಡ, ಪಿತ್ತಜನಕಾಂಗ (ಲಿವರ್), ಥೈರಾಯ್ಡ್, ರಕ್ತದ ತೊಂದರೆಗಳನ್ನು ಪರೀಕ್ಷಿಸಬೇಕಾಗುತ್ತದೆ. ದಿನವೂ ನುಂಗುವ ಮಾತ್ರೆಗಳ ಪಟ್ಟಿಯನ್ನೂ ಒಯ್ಯಿರಿ, ಕೆಲವು ಮಾತ್ರೆಗಳಿಂದಲೂ ತುರಿಕೆ ಬರುತ್ತದೆ.

👉 ನೀರು ತುಂಬಿದ ದೊಡ್ಡ ಗುಳ್ಳೆಗಳು.

👉 ಬಿರುಕಿನಿಂದ ಕೀವು, ಒಂದೇ ಕಾಲು ಕೆಂಪಾಗಿ ಬಿಸಿಯಾಗಿ ಊದುವುದು, ಜ್ವರ. ಇದಕ್ಕೆ ಮರುದಿನಕ್ಕೆ ಕಾಯಬಾರದು.

👉 ಸಕ್ಕರೆ ಕಾಯಿಲೆಯವರ ಪಾದದ ಯಾವುದೇ ಬಿರುಕು. ಅವರಿಗೆ ನೋವು ತಿಳಿಯದೇ ಇರಬಹುದು, ದಿನವೂ ನೀವೇ ಪಾದ ನೋಡಿ.

ಊರಿನ ಹಿರಿಯರಿಗೆ ಅಲ್ಲಿನ ಭಾಷೆ ಬಾರದೆ ಡಾಕ್ಟರ ಮುಂದೆ ಕಾಲು ತೋರಿಸಿ ಸುಮ್ಮನಿರುತ್ತಾರೆ. ಜೊತೆಗೆ ಹೋಗಿ. ಎಂದಿನಿಂದ ತುರಿಕೆ, ರಾತ್ರಿ ಹೆಚ್ಚೋ ಹಗಲು ಹೆಚ್ಚೋ, ಇಲ್ಲಿಯವರೆಗೆ ಏನೇನು ಹಚ್ಚಿದ್ದೀರಿ ಎಂಬ ಮೂರು ವಿಷಯ ಬರೆದುಕೊಂಡು ಹೋಗಿ, ಹಚ್ಚಿದ ಟ್ಯೂಬ್‌ಗಳನ್ನೂ ಚೀಲದಲ್ಲಿ ಹಾಕಿಕೊಳ್ಳಿ.

ಹಿರಿಯರು ಇರುವ ಮನೆಯವರಿಗೆ ಇದನ್ನು ಕಳುಹಿಸಿ. ಅಷ್ಟಕ್ಕೂ ಮೊದಲು ಇಂದೇ ನಿಮ್ಮ ಸ್ನಾನದ ಮನೆಯ ಸೋಪಿನ ಪೊಟ್ಟಣ ತಿರುಗಿಸಿ, ಮೊದಲ ಹೆಸರು ಏನಿದೆ ಎಂದು ಓದಿ.