ಇನ್ಫೊಸಿಸ್ ತನ್ನದೇ ಷೇರು ಕೊಂಡಾಗ ಉಳಿದವರಿಗೆ ಸಿಕ್ಕಿದ್ದೇನು?

2017ರ ಕೊನೆಯಲ್ಲಿ ಬೆಂಗಳೂರಿನ ಇನ್ಫೊಸಿಸ್ ಮೊದಲ ಬಾರಿಗೆ ತನ್ನ ಷೇರುಗಳನ್ನು ತಾನೇ ಮರಳಿ ಕೊಂಡಿತು. ಒಂದಕ್ಕೆ 1,150 ರೂಪಾಯಿಯಂತೆ ಸುಮಾರು 11.3 ಕೋಟಿ ಷೇರುಗಳಿಗೆ 13,000 ಕೋಟಿ ರೂಪಾಯಿ ಖರ್ಚಾಯಿತು. ಹೀಗೆ ಕೊಂಡ ಷೇರುಗಳನ್ನು ಕಂಪನಿ ಇಟ್ಟುಕೊಳ್ಳುವಂತಿಲ್ಲ, ನಮ್ಮ ಕಾನೂನಿನ ಪ್ರಕಾರ ರದ್ದು ಮಾಡಬೇಕು. ಹಾಗಾಗಿ ಸುಮಾರು 229.7 ಕೋಟಿ ಇದ್ದ ಷೇರುಗಳು 218.4 ಕೋಟಿಗೆ ಇಳಿದವು.

ಷೇರು ಮಾರದೆ ಉಳಿದವರ ಪಾಲು ಇಲ್ಲಿ ತಾನಾಗಿಯೇ ಹಿಗ್ಗುತ್ತದೆ. ಶೇಕಡಾ 1ರಷ್ಟು ಷೇರು ಹೊಂದಿದ್ದವರು ಕೈಯಿಂದ ಕಾಸು ಹಾಕದೆಯೇ ಶೇಕಡಾ 1.05ರ ಒಡೆಯರಾದರು. ಆದರೆ ಇದು ಪುಕ್ಕಟೆ ಲಾಭವಲ್ಲ. ಕಂಪನಿಯ ಖಜಾನೆಯಿಂದ ಹೊರಹೋದ 13,000 ಕೋಟಿಯಲ್ಲಿ ಅವರ ಪಾಲೂ ಇತ್ತು. ಎಲ್ಲರೂ ತಮ್ಮ ಹಿಡುವಳಿಗೆ ತಕ್ಕಷ್ಟೇ ಮಾರಿದ್ದರೆ ಯಾರ ಪಾಲೂ ಬದಲಾಗುತ್ತಿರಲಿಲ್ಲ. 2025ರಲ್ಲಿ ಅದೇ ಕಂಪನಿ 18,000 ಕೋಟಿಯ ಬೈಬ್ಯಾಕ್ ಪ್ರಕಟಿಸಿದಾಗ ಪ್ರವರ್ತಕರು ತಾವು ಷೇರು ಕೊಡುವುದಿಲ್ಲ ಎಂದರು. ಹಾಗೆ ದೂರ ಉಳಿದವರ ಹಿಡಿತ ಬಿಗಿಯಾಗುವುದು ಸಹಜ.

ಇನ್ನು ಪ್ರತಿ ಷೇರಿನ ಗಳಿಕೆ, ಅಂದರೆ ಇಪಿಎಸ್. ಒಟ್ಟು ಲಾಭವನ್ನು ಷೇರುಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ಮೊತ್ತವಿದು. 2016–17ರಲ್ಲಿ ಇನ್ಫೊಸಿಸ್ ಲಾಭ ಸುಮಾರು 14,350 ಕೋಟಿ. ಅದನ್ನು 229.7 ಕೋಟಿ ಷೇರುಗಳಿಗೆ ಹಂಚಿದರೆ ತಲಾ 62.5 ರೂಪಾಯಿ, 218.4 ಕೋಟಿಗೆ ಹಂಚಿದರೆ 65.7. ವ್ಯಾಪಾರ ಒಂದು ರೂಪಾಯಿ ಬೆಳೆಯದಿದ್ದರೂ ಗಳಿಕೆ ಶೇಕಡಾ 5 ಏರಿದಂತೆ ಕಾಣುತ್ತದೆ! ಬೈಬ್ಯಾಕ್ ಸುದ್ದಿ ಬಂದಾಗಲೆಲ್ಲ ಟಿವಿಯವರು ಹೇಳುವ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ.

ಬಿಟ್ಟುಹೋಗುವುದು ಬಡ್ಡಿ. ಆ 13,000 ಕೋಟಿ ಸುಮ್ಮನೆ ಬಿದ್ದಿರಲಿಲ್ಲ, ಠೇವಣಿಯಲ್ಲೋ ಬಾಂಡಿನಲ್ಲೋ ದುಡಿಯುತ್ತಿತ್ತು. ತೆರಿಗೆ ಕಳೆದು ಶೇಕಡಾ 5 ಬರುತ್ತಿತ್ತು ಎಂದಿಟ್ಟುಕೊಳ್ಳಿ. ಆಗ ವರ್ಷಕ್ಕೆ 650 ಕೋಟಿ ಖೋತಾ. ಲಾಭ 13,700 ಕೋಟಿಗೆ ಇಳಿದು, ಪ್ರತಿ ಷೇರಿನ ಗಳಿಕೆ 62.7 ರೂಪಾಯಿಗೆ ಬಂದು ನಿಲ್ಲುತ್ತದೆ. ಏರಿಕೆ ಬರೀ 20 ಪೈಸೆ ಚಿಲ್ಲರೆ.

ಕಾರಣ ಕಂಪನಿ ಕೊಟ್ಟ ಬೆಲೆಯಲ್ಲಿದೆ. 62.5 ರೂಪಾಯಿ ದುಡಿಯುವ ಷೇರನ್ನು 1,150ಕ್ಕೆ ಕೊಂಡರೆ ಹಾಕಿದ ಹಣಕ್ಕೆ ಸಿಗುವ ಗಳಿಕೆ ಶೇಕಡಾ 5.4. ಠೇವಣಿಯ ಶೇಕಡಾ 5ಕ್ಕಿಂತ ಅದು ಕೂದಲೆಳೆಯಷ್ಟೇ ಮೇಲೆ. ಅದೇ ಷೇರಿಗೆ 1,300 ಕೊಟ್ಟಿದ್ದರೆ ಇಪಿಎಸ್ ಇಳಿಯುತ್ತಿತ್ತು. ಬೈಬ್ಯಾಕಿನಿಂದ ಗಳಿಕೆ ಏರಿಯೇ ಏರುತ್ತದೆ ಎಂಬ ಮಾತು ಹಾಗಾಗಿ ಅರ್ಧ ಸತ್ಯ.

ಇನ್ನೊಂದು ಸೋರಿಕೆಯೂ ಉಂಟು. ಕೆಲವು ಕಂಪನಿಗಳು ಒಂದು ಕಡೆ ಷೇರು ರದ್ದು ಮಾಡುತ್ತ, ಇನ್ನೊಂದು ಕಡೆ ನೌಕರರಿಗೆ ಇಸಾಪ್ ರೂಪದಲ್ಲಿ ಹೊಸ ಷೇರು ಹಂಚುತ್ತವೆ. ಆಗ ಹಣವಂತೂ ಖರ್ಚಾಗುತ್ತದೆ, ನಿಮ್ಮ ಪಾಲು ಮಾತ್ರ ಇದ್ದಲ್ಲೇ ಇರುತ್ತದೆ.

ನಿಮ್ಮ ಕಂಪನಿ ಬೈಬ್ಯಾಕ್ ಪ್ರಕಟಿಸಿದರೆ ಅದು ಕೊಡುವ ಬೆಲೆಯನ್ನು ಇಪಿಎಸ್ ಜೊತೆ ಹೋಲಿಸಿ ನೋಡಿ. ವರ್ಷ ಕಳೆದ ಮೇಲೆ ವಾರ್ಷಿಕ ವರದಿ ತೆರೆದು, ಒಟ್ಟು ಷೇರುಗಳ ಸಂಖ್ಯೆ ನಿಜಕ್ಕೂ ಇಳಿದಿದೆಯೇ ಎಂದು ಎಣಿಸಿಕೊಳ್ಳಿ.