ಸಿಗ್ನಲ್ ಇಲ್ಲದ ತೋಟದ ಟಿಪ್ಪಣಿ ಮನೆಯ ಲ್ಯಾಪ್‌ಟಾಪಿಗೆ

ಸಾಗರ, ಹೊಸನಗರ, ಶೃಂಗೇರಿ ಕಡೆಯ ಎಷ್ಟೋ ಮನೆಗಳಲ್ಲಿ ಈಗ ವೈಫೈ ಇದೆ. ಆದರೆ ಮನೆಯ ಅಂಗಳ ದಾಟಿ ತೋಟಕ್ಕೆ ಇಳಿದರೆ ಫೋನಿನಲ್ಲಿ ಒಂದು ಕಡ್ಡಿಯೂ ಉಳಿಯುವುದಿಲ್ಲ. ಬರೆದಿಟ್ಟುಕೊಳ್ಳಬೇಕಾದ ಸಂಗತಿಗಳು ಹುಟ್ಟುವುದು ಮಾತ್ರ ಅಲ್ಲಿಯೇ. ಮಳೆ ಹಿಡಿಯುವ ಮುಂಚೆ ಅಡಿಕೆಗೆ ಬೋರ್ಡೋ ಹೊಡೆಸುವ ದಿನ ಯಾವ ತೋಟ ಮುಗಿಯಿತು, ಎಷ್ಟು ಸಾಲು ಬಾಕಿ, ಕೊನೆಗೌಡರಿಗೆ ಎಷ್ಟು ಕೊಡಬೇಕು, ನಲವತ್ತು ದಿನದ ನಂತರ ಎರಡನೇ ಸಲ ಎಲ್ಲಿಂದ ಶುರು ಮಾಡಬೇಕು ಎಂಬುದೆಲ್ಲ ಆ ಹೊತ್ತಿನಲ್ಲೇ ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೈಯಲ್ಲಿರುವುದು ಏಳೆಂಟು ವರ್ಷ ಹಳೆಯ ಆಂಡ್ರಾಯ್ಡ್ ಫೋನು, ಮನೆಯಲ್ಲಿರುವುದು ವಿಂಡೋಸ್ ಲ್ಯಾಪ್‌ಟಾಪು. ಈ ಎರಡನ್ನೂ ಒಟ್ಟಿಗೆ ನಡೆಸುವ ಟಿಪ್ಪಣಿ ಆ್ಯಪ್ ಯಾವುದು?

‘ಆಫ್‌ಲೈನ್ ಇದೆ’ ಎಂದು ಬಹುತೇಕ ಎಲ್ಲ ಆ್ಯಪ್‌ಗಳೂ ಹೇಳಿಕೊಳ್ಳುತ್ತವೆ. ಆದರೆ ಆ ಮಾತಿನ ಅರ್ಥ ಒಂದೊಂದರಲ್ಲಿ ಒಂದೊಂದು. ಗೂಗಲ್ ಕೀಪ್ ಫೋನಿನಲ್ಲಿ ನೆಟ್ ಇಲ್ಲದೆಯೂ ಚೆನ್ನಾಗಿ ತೆರೆದುಕೊಳ್ಳುತ್ತದೆ, ಬರೆದದ್ದನ್ನು ಇಟ್ಟುಕೊಂಡು ಸಿಗ್ನಲ್ ಬಂದಾಗ ಕಳಿಸುತ್ತದೆ. ಅದೇ ಕೀಪ್ ಲ್ಯಾಪ್‌ಟಾಪಿನಲ್ಲಿ ಬ್ರೌಸರ್ ಮೂಲಕ ತೆರೆಯುವ ಪುಟ, ಗುಡುಗಿಗೆ ನೆಟ್ ಹೋದ ಸಂಜೆ ಅದು ಬರುವುದಿಲ್ಲ. ಅಲ್ಲಿ ಟಿಪ್ಪಣಿಗಳ ಅಸಲು ಪ್ರತಿ ಇರುವುದು ಗೂಗಲ್‌ನ ಸರ್ವರಿನಲ್ಲಿ. ಇದಕ್ಕೆ ತಿರುಗುಮುರುಗಾಗಿ ಜಾಪ್ಲಿನ್, ಅಬ್ಸಿಡಿಯನ್‌ನಂಥ ಆ್ಯಪ್‌ಗಳು ಪ್ರತಿ ಸಾಧನದಲ್ಲೂ ಇಡೀ ಟಿಪ್ಪಣಿ ಸಂಗ್ರಹವನ್ನೇ ಇಡುತ್ತವೆ. ಸರ್ವರು ಅವಕ್ಕೆ ಒಂದರಿಂದ ಇನ್ನೊಂದಕ್ಕೆ ದಾಟಿಸುವ ದಾರಿ ಅಷ್ಟೇ. ಹಾಗಾಗಿ ಯಾವುದೇ ಆ್ಯಪ್ ನೋಡುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಪೂರ್ತಿ ಪ್ರತಿ ಎಲ್ಲಿರುತ್ತದೆ ಎಂಬುದು.

ಆಯ್ಕೆಯನ್ನು ಹಳೆಯ ಫೋನಿನಿಂದ ಶುರು ಮಾಡಬೇಕು, ಲ್ಯಾಪ್‌ಟಾಪಿನಿಂದಲ್ಲ. ಲ್ಯಾಪ್‌ಟಾಪಿನಲ್ಲಿ ಯಾವುದನ್ನು ಹಾಕಿದರೂ ನಡೆಯುತ್ತದೆ, ಸಿಕ್ಕಿಬೀಳುವುದು ಫೋನು. ಸೆಟ್ಟಿಂಗ್ಸ್‌ನಲ್ಲಿ About phone ತೆರೆದರೆ ಆಂಡ್ರಾಯ್ಡ್‌ನ ಆವೃತ್ತಿ ಕಾಣುತ್ತದೆ. ಆ ಸಂಖ್ಯೆ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಕ್ರೋಮ್ ಬ್ರೌಸರ್ 2025ರಲ್ಲೇ ಆಂಡ್ರಾಯ್ಡ್ 8 ಮತ್ತು 9ರ ಕೈಬಿಟ್ಟಿತು. ಅನೇಕ ಟಿಪ್ಪಣಿ ಆ್ಯಪ್‌ಗಳು ಒಳಗೊಳಗೆ ಕ್ರೋಮ್‌ನ ಅಂಗವಾದ ವೆಬ್‌ವ್ಯೂ ಮೇಲೆ ನಿಂತಿರುವುದರಿಂದ ಅವೂ ಕ್ರಮೇಣ ಹಳೆಯ ಫೋನುಗಳನ್ನು ಬಿಡುತ್ತಾ ಬರುತ್ತವೆ. ಪ್ಲೇ ಸ್ಟೋರ್ ಹಳೆಯ ಫೋನಿಗೆ ಆ್ಯಪಿನ ಹಳೆಯ ಆವೃತ್ತಿಯನ್ನೇ ಕೊಡುವುದೂ ಉಂಟು. ಕೆಲಸ ಆಯಿತೆಂದು ಅಲ್ಲಿಗೇ ಬಿಡಬಾರದು. ಲ್ಯಾಪ್‌ಟಾಪಿನಲ್ಲಿ ಹೊಚ್ಚ ಹೊಸದು, ಫೋನಿನಲ್ಲಿ ಹಳೆಯದು ಇದ್ದರೆ ಒಂದು ದಿನ ಸಿಂಕ್ ನಿಲ್ಲಬಹುದು. ಜಾಪ್ಲಿನ್ ಅಂಥ ಹೊತ್ತಿನಲ್ಲಿ ಆ್ಯಪನ್ನು ಅಪ್‌ಗ್ರೇಡ್ ಮಾಡಿ ಎಂದು ನೇರವಾಗಿ ಹೇಳುತ್ತದೆ, ಆದರೆ ಆ ಫೋನಿಗೆ ಹೊಸದು ಸಿಗದಿದ್ದರೆ ಮಾಡುವುದೇನೂ ಉಳಿಯುವುದಿಲ್ಲ.

ಇನ್ನೊಂದು ತೊಡಕು ಕಣ್ಣಿಗೆ ಬೀಳದಂಥದ್ದು. ಸರ್ವರಿನ ಜೊತೆ ಸುರಕ್ಷಿತವಾಗಿ ಮಾತಾಡಲು ಫೋನಿನೊಳಗೆ ನಂಬಿಕಸ್ಥ ಪ್ರಮಾಣಪತ್ರಗಳ ಪಟ್ಟಿ ಇರುತ್ತದೆ. ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಫೋನುಗಳ ಪಟ್ಟಿಯಲ್ಲಿ ‘ಲೆಟ್ಸ್ ಎನ್‌ಕ್ರಿಪ್ಟ್’ ಸಂಸ್ಥೆಯ ಈಗಿನ ಮೂಲ ಪ್ರಮಾಣಪತ್ರ ಇಲ್ಲ, ಅದಕ್ಕೆ ಆಸರೆಯಾಗಿದ್ದ ಹಳೆಯ ಏರ್ಪಾಡು 2024ರ ಸೆಪ್ಟೆಂಬರಿಗೆ ಮುಗಿಯಿತು. ಸ್ವಂತ ಸರ್ವರು, ಸಣ್ಣ ಕಂಪನಿಗಳ ಸೇವೆಗಳು ಬಹಳಷ್ಟು ಇದೇ ಸಂಸ್ಥೆಯ ಪ್ರಮಾಣಪತ್ರ ಬಳಸುತ್ತವೆ. ಆಗ ನೆಟ್ ಸರಿ ಇದ್ದರೂ, ಪಾಸ್‌ವರ್ಡ್ ಸರಿ ಇದ್ದರೂ ಸಿಂಕ್ ಆಗುವುದಿಲ್ಲ. ದೋಷದ ಸಾಲಿನಲ್ಲಿ Trust anchor for certification path not found ಎಂದು ಕಂಡರೆ ರೋಗ ಇದೇ. ಫೋನಿನ ತಾರೀಖು ತಪ್ಪಾಗಿದ್ದರೂ ಪ್ರಮಾಣಪತ್ರ ತಿರಸ್ಕೃತವಾಗುತ್ತದೆ. ಬ್ಯಾಟರಿ ಪೂರ್ತಿ ಇಳಿದು ಎದ್ದ ಹಳೆಯ ಫೋನು ಎಷ್ಟೋ ವರ್ಷ ಹಿಂದಿನ ದಿನ ತೋರಿಸುವುದುಂಟು, ಆದ್ದರಿಂದ ಮೊದಲು ಅದನ್ನು ನೋಡುವುದು ಒಳ್ಳೆಯದು.

ಇಷ್ಟು ದಾಟಿದ ಫೋನಿಗೆ ಜಾಪ್ಲಿನ್ ಒಳ್ಳೆಯ ಆಯ್ಕೆ. 2017ರಿಂದ ಬೆಳೆದುಬಂದ ಮುಕ್ತ ತಂತ್ರಾಂಶ ಅದು. ವಿಂಡೋಸ್, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್, ಐಫೋನ್ ಎಲ್ಲದಕ್ಕೂ ಸಿಗುತ್ತದೆ, ಡ್ರಾಪ್‌ಬಾಕ್ಸ್ ಅಥವಾ ಒನ್‌ಡ್ರೈವ್‌ನ ಉಚಿತ ಖಾತೆಯನ್ನೇ ಸಿಂಕ್‌ಗೆ ಬಳಸಿಕೊಳ್ಳುತ್ತದೆ. ಡ್ರಾಪ್‌ಬಾಕ್ಸ್ ಉಚಿತವಾಗಿ ಕೊಡುವುದು 2 ಜಿಬಿ. ಬರೀ ಬರಹಕ್ಕೆ ಅದು ಒಂದು ಜನ್ಮಕ್ಕೆ ಸಾಕು, ಫೋಟೊ ತುಂಬತೊಡಗಿದರೆ ಸಾಲದು. ಲ್ಯಾಪ್‌ಟಾಪಿನಲ್ಲಿ Options ಒಳಗಿನ Synchronisation ತೆರೆದು ಡ್ರಾಪ್‌ಬಾಕ್ಸ್ ಆರಿಸಿ ಮೊದಲ ಸಿಂಕ್ ಪೂರ್ತಿ ಮುಗಿಸಬೇಕು. ಆಮೇಲೆ ಫೋನಿನಲ್ಲಿ ಅದೇ ಖಾತೆ ಕೊಡಬೇಕು. 16 ಜಿಬಿಯ ಫೋನಾದರೆ ಸಿಂಕ್ ಒತ್ತುವ ಮುಂಚೆಯೇ Attachment download behaviour ಎಂಬಲ್ಲಿ Manual ಆರಿಸಿಟ್ಟರೆ ಫೋಟೊಗಳೆಲ್ಲ ಒಮ್ಮೆಗೇ ಇಳಿದು ಜಾಗ ತುಂಬುವುದು ತಪ್ಪುತ್ತದೆ. ಬೇಕಾದ ಚಿತ್ರವನ್ನು ಮುಟ್ಟಿದಾಗ ಅದೊಂದೇ ಬರುತ್ತದೆ. ತೋಟದಲ್ಲಿ ನೋಡಬೇಕಾದ ಚಿತ್ರವಿದ್ದರೆ ಅದನ್ನು ಮನೆಯಲ್ಲೇ ಮುಟ್ಟಿ ಇಳಿಸಿಕೊಂಡು ಹೊರಡಬೇಕು ಎಂಬುದು ಇದರ ಇನ್ನೊಂದು ಮುಖ.

ಸಿಂಕ್ ತಾನಾಗಿಯೇ ನಡೆಯುತ್ತಿರುತ್ತದೆ ಎಂದು ಮಾತ್ರ ನಂಬಿ ಕೂರಬಾರದು. ಹಳೆಯ ಫೋನುಗಳು, ಅದರಲ್ಲೂ ಬ್ಯಾಟರಿ ಉಳಿಸಲು ಹಿನ್ನೆಲೆಯ ಕೆಲಸಗಳನ್ನು ಕತ್ತರಿಸುವ ಫೋನುಗಳು, ಪರದೆ ಆರಿದೊಡನೆ ಆ್ಯಪನ್ನು ನಿಲ್ಲಿಸಿಬಿಡುತ್ತವೆ. ಮನೆಗೆ ಬಂದು ಆ್ಯಪ್ ತೆರೆದು, Synchronise ಒತ್ತಿ, ಅದು ಮುಗಿಯುವ ತನಕ ಪರದೆ ಆರದಂತೆ ನೋಡಿಕೊಳ್ಳುವುದೇ ಭದ್ರವಾದ ರೂಢಿ.

ಇನ್ನು ಆ್ಯಪಿನ ನಿಜವಾದ ಗುಣ ಗೊತ್ತಾಗುವ ಘಟ್ಟ. ಒಂದು ಸಂದರ್ಭ ಊಹಿಸಿಕೊಳ್ಳೋಣ. ‘ಬೋರ್ಡೋ – ಜೂನ್’ ಎಂಬ ಒಂದು ಟಿಪ್ಪಣಿ ಎರಡೂ ಕಡೆ ಇದೆ. ಬೆಳಗ್ಗೆ ಯಜಮಾನರು ತೋಟದಲ್ಲಿ, ಸಿಗ್ನಲ್ ಇಲ್ಲದ ಫೋನಿನಲ್ಲಿ, ‘ಮೇಲಿನ ತೋಟ ಮುಗಿಯಿತು, ಕೆಳಗಿನದರಲ್ಲಿ 3 ಸಾಲು ಬಾಕಿ’ ಎಂದು ಸೇರಿಸುತ್ತಾರೆ. ಅದೇ ಹೊತ್ತಿಗೆ ಮನೆಯಲ್ಲಿ ಮಗಳು ಲ್ಯಾಪ್‌ಟಾಪಿನಲ್ಲಿ ಅದೇ ಟಿಪ್ಪಣಿಗೆ ‘ಮೈಲುತುತ್ತ 5 ಕೆಜಿ, ಸುಣ್ಣ 5 ಕೆಜಿ ತಂದದ್ದು’ ಎಂದು ಬರೆಯುತ್ತಾಳೆ. ಲ್ಯಾಪ್‌ಟಾಪು ನೆಟ್‌ನಲ್ಲಿದೆ, ಅವಳ ಸಾಲು ತಕ್ಷಣ ಸರ್ವರಿಗೆ ಹೋಗುತ್ತದೆ. ಮಧ್ಯಾಹ್ನ ಯಜಮಾನರು ಮನೆಗೆ ಬಂದು ಸಿಂಕ್ ಒತ್ತುತ್ತಾರೆ. ಒಂದೇ ಟಿಪ್ಪಣಿಗೆ ಈಗ ಎರಡು ರೂಪ. ಯಾವುದು ಉಳಿಯಬೇಕು?

ಇಂಥಲ್ಲಿ ಕೆಟ್ಟ ಆ್ಯಪ್ ಕೊನೆಗೆ ಬಂದದ್ದನ್ನು ಇಟ್ಟುಕೊಂಡು ಮೊದಲಿನದನ್ನು ಸದ್ದಿಲ್ಲದೆ ಅಳಿಸುತ್ತದೆ. ಜಾಪ್ಲಿನ್ ಹಾಗೆ ಮಾಡುವುದಿಲ್ಲ. ಸರ್ವರಿನಲ್ಲಿದ್ದ ಮಗಳ ರೂಪವನ್ನು ಟಿಪ್ಪಣಿಯ ಜಾಗದಲ್ಲಿ ಇಟ್ಟು, ಫೋನಿನಲ್ಲಿದ್ದ ರೂಪವನ್ನು Conflicts ಎಂಬ ಬೇರೆ ಪುಸ್ತಕಕ್ಕೆ ಹಾಕುತ್ತದೆ. ಎರಡೂ ಉಳಿದವು. ಆದರೆ ಜನ ಗಾಬರಿಯಾಗುವುದೂ ಇಲ್ಲಿಯೇ. ಆ Conflicts ಪುಸ್ತಕ ಹುಟ್ಟುವುದು ಜಗಳ ಎದುರಾದ ಸಾಧನದಲ್ಲಿ, ಅಂದರೆ ಇಲ್ಲಿ ಫೋನಿನಲ್ಲಿ, ಅದು ಲ್ಯಾಪ್‌ಟಾಪಿಗೆ ದಾಟುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಹುಡುಕಿದವರಿಗೆ ‘3 ಸಾಲು ಬಾಕಿ’ ಎಲ್ಲಿಯೂ ಸಿಗುವುದಿಲ್ಲ, ಬರೆದದ್ದು ಹೋಯಿತೆಂದೇ ತಿಳಿಯುತ್ತಾರೆ. ತಡವಾಗಿ ಸಿಂಕ್ ಆದ ಸಾಧನದಲ್ಲಿ ನೋಡಿದರೆ ಅದು ಅಲ್ಲೇ ಇರುತ್ತದೆ. ಅಲ್ಲಿಂದ ಸಾಲನ್ನು ನಕಲು ಮಾಡಿ ಅಸಲು ಟಿಪ್ಪಣಿಗೆ ಸೇರಿಸಿ, Conflicts ಒಳಗಿನದನ್ನು ಅಳಿಸಿದರೆ ಮುಗಿಯಿತು. ಎರಡು ಬರಹಗಳನ್ನು ತಾನೇ ಬೆರೆಸುವ ಕೆಲಸವನ್ನು ಆ್ಯಪ್ ಮಾಡುವುದಿಲ್ಲ.

ಈ ಜಗಳ ಹುಟ್ಟದಂತೆ ಬರೆಯುವ ಕ್ರಮವೂ ಇದೆ. ಇಡೀ ಹಂಗಾಮಿಗೆ ಒಂದೇ ಉದ್ದದ ಟಿಪ್ಪಣಿ ಬೆಳೆಸುವ ಬದಲು ದಿನಕ್ಕೊಂದು, ಅಥವಾ ತೋಟದ್ದು ಬೇರೆ ಸಾಮಾನಿನ ಲೆಕ್ಕ ಬೇರೆ ಮಾಡಿದರೆ ಇಬ್ಬರೂ ಒಂದೇ ಟಿಪ್ಪಣಿ ಮುಟ್ಟುವ ಸಂದರ್ಭ ಬಹುಮಟ್ಟಿಗೆ ಇಲ್ಲವಾಗುತ್ತದೆ.

ಯಾವ ಆ್ಯಪನ್ನೇ ಆಗಲಿ ಒಪ್ಪಿಕೊಳ್ಳುವ ಮುಂಚೆ ಇದೇ ಸಂದರ್ಭವನ್ನು ಬೇಕೆಂದೇ ಸೃಷ್ಟಿಸಿ ನೋಡಬಹುದು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಆ್ಯಪನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಬೇಕು. ಹಳೆಯ ಟಿಪ್ಪಣಿಗಳು ಶೀರ್ಷಿಕೆ ಮಾತ್ರವಲ್ಲದೆ ಒಳಗಿನ ಬರಹದ ಸಮೇತ ಬಂದರೆ ಆಫ್‌ಲೈನ್ ಎಂಬುದು ನಿಜ. ಹಾಗೆಯೇ ಲ್ಯಾಪ್‌ಟಾಪಿನ ವೈಫೈ ಆರಿಸಿ ಎರಡೂ ಕಡೆ ಒಂದೇ ಟಿಪ್ಪಣಿಗೆ ಬೇರೆ ಬೇರೆ ಸಾಲು ಬರೆದು, ಒಂದಾದ ಮೇಲೊಂದು ನೆಟ್‌ಗೆ ತಂದು ಸಿಂಕ್ ಮಾಡಬೇಕು. ಎರಡು ಸಾಲೂ ಎಲ್ಲೋ ಒಂದು ಕಡೆ ಸಿಕ್ಕರೆ ಆ್ಯಪ್ ಪಾಸು. ಒಂದು ಮಾಯವಾದರೆ ಅದರಲ್ಲಿ ಲೆಕ್ಕ ಬರೆಯುವುದು ಬೇಡ. ಬರೆಯುವ ಸಾಲು ಕನ್ನಡದಲ್ಲೇ ಇರಲಿ, ಅದರ ಒಂದು ಪದವನ್ನು ಎರಡೂ ಕಡೆ ಹುಡುಕಿಯೂ ನೋಡಲಿ. ಲ್ಯಾಪ್‌ಟಾಪಿನಲ್ಲಿ ಹಳೆಯ ನುಡಿ ಅಥವಾ ಬರಹದ ಯುನಿಕೋಡ್ ಅಲ್ಲದ ಅಕ್ಷರದಲ್ಲಿ ಟೈಪಿಸುವ ರೂಢಿ ಇದ್ದವರಿಗೆ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಅದು ಸಿಂಕ್‌ನ ತಪ್ಪಲ್ಲ, ಕೀಲಿಮಣೆಯನ್ನು ಯುನಿಕೋಡ್‌ಗೆ ಬದಲಿಸಿದರೆ ಸರಿಹೋಗುತ್ತದೆ.

ಫೋನು ತೀರಾ ಹಳೆಯದಾಗಿ ಜಾಪ್ಲಿನ್ ಒಗ್ಗದಿದ್ದರೆ, ಅಥವಾ ಬರಹ ಯಾರ ಸರ್ವರಿಗೂ ಹೋಗುವುದು ಬೇಡವೆನಿಸಿದರೆ ಇನ್ನೊಂದು ಜೋಡಿ ಇದೆ. ಫೋನಿನಲ್ಲಿ ಮಾರ್ಕರ್ ಎಂಬ ಹಗುರ ಆ್ಯಪ್, ಅದು ಟಿಪ್ಪಣಿಯನ್ನು ಸಾದಾ ಫೈಲುಗಳಾಗಿ ಒಂದು ಫೋಲ್ಡರಿನಲ್ಲಿ ಇಡುತ್ತದೆ. ಆ ಫೋಲ್ಡರನ್ನು ಸಿಂಕ್‌ಥಿಂಗ್ ಲ್ಯಾಪ್‌ಟಾಪಿಗೆ ಸರಿಸಮ ಮಾಡುತ್ತದೆ. ನಡುವೆ ಬರಹ ಇಟ್ಟುಕೊಳ್ಳುವ ಸರ್ವರು ಇಲ್ಲದ ಕಾರಣ ಎರಡೂ ಸಾಧನ ಒಂದೇ ಹೊತ್ತಿಗೆ ಚಾಲೂ ಇರಬೇಕು. ಮನೆಯ ವೈಫೈಯಲ್ಲಿ ಎರಡೂ ಇದ್ದರೆ ಹೊರಗಿನ ಇಂಟರ್ನೆಟ್ ಇಲ್ಲದಿದ್ದರೂ ಕೆಲಸ ನಡೆಯುತ್ತದೆ, ಮಳೆಗಾಲದ ಮಲೆನಾಡಿಗೆ ಇದು ದೊಡ್ಡ ಅನುಕೂಲ. ಜಗಳ ಬಂದಾಗ ಸಿಂಕ್‌ಥಿಂಗ್ ಎರಡನೇ ರೂಪವನ್ನು ಹೀಗೊಂದು ಹೆಸರಿನ ಫೈಲಾಗಿ ಪಕ್ಕದಲ್ಲೇ ಇಡುತ್ತದೆ:

```
bordo.sync-conflict-20250612-091533-K7XQ2PL.md
```

ನಡುವಿನ ಅಂಕಿಗಳು ತಾರೀಖು ಮತ್ತು ಸಮಯ, ಕೊನೆಯದು ಬದಲಾವಣೆ ಮಾಡಿದ ಸಾಧನದ ಗುರುತು. ಒಂದು ಎಚ್ಚರಿಕೆ: ಸಿಂಕ್‌ಥಿಂಗ್ ತಂಡ ತನ್ನ ಅಧಿಕೃತ ಆಂಡ್ರಾಯ್ಡ್ ಆ್ಯಪನ್ನು 2024ರ ಡಿಸೆಂಬರಿಗೆ ನಿಲ್ಲಿಸಿದೆ. ಈಗ ಬಳಕೆಯಲ್ಲಿರುವುದು ಬೇರೆಯವರು ಮುಂದುವರಿಸುತ್ತಿರುವ ಸಿಂಕ್‌ಥಿಂಗ್-ಫೋರ್ಕ್.

ದುಡ್ಡು ಮಾಡುವ ಕಂಪನಿಗಳ ಆ್ಯಪ್‌ಗಳಲ್ಲೂ ಇಂಥ ತಿರುವು ಹೊಸದಲ್ಲ. ಎವರ್‌ನೋಟ್ 2023ರ ಕೊನೆಯಲ್ಲಿ ಉಚಿತ ಖಾತೆಗೆ 50 ಟಿಪ್ಪಣಿ, ಒಂದು ನೋಟ್‌ಬುಕ್ ಎಂಬ ಮಿತಿ ಹಾಕಿತು. ಮೈಕ್ರೋಸಾಫ್ಟ್‌ನ ‘ಒನ್‌ನೋಟ್ ಫಾರ್ ವಿಂಡೋಸ್ 10’ಕ್ಕೆ 2025ರ ಅಕ್ಟೋಬರಿನಲ್ಲಿ ಬೆಂಬಲ ನಿಂತಿತು. ಆದ್ದರಿಂದ ಟಿಪ್ಪಣಿಗಳನ್ನೆಲ್ಲ ಒಟ್ಟಿಗೆ ಹೊರತೆಗೆಯುವ ದಾರಿ ಇದೆಯೇ ಎಂಬುದನ್ನು ಮೊದಲ ವಾರದಲ್ಲೇ ಮಾಡಿ ನೋಡಬೇಕು. ಜಾಪ್ಲಿನ್‌ನ ಲ್ಯಾಪ್‌ಟಾಪ್ ಆವೃತ್ತಿಯಲ್ಲಿ File ಒಳಗಿನ Export all ಒತ್ತಿದರೆ ಎಲ್ಲವೂ ಒಂದು JEX ಫೈಲಾಗಿ ಅಥವಾ ಸಾದಾ ಮಾರ್ಕ್‌ಡೌನ್ ಫೈಲುಗಳಾಗಿ ಬರುತ್ತವೆ. ಸಿಂಕ್ ಎಂದರೆ ಬ್ಯಾಕಪ್ ಅಲ್ಲ, ಫೋನಿನಲ್ಲಿ ಅಳಿಸಿದ್ದು ಲ್ಯಾಪ್‌ಟಾಪಿನಲ್ಲೂ ಅಳಿಯುತ್ತದೆ. ತಿಂಗಳಿಗೊಮ್ಮೆ ಆ ಫೈಲನ್ನು ಪೆನ್‌ಡ್ರೈವಿಗೆ ಹಾಕಿಡುವವರಿಗೆ ಆ ಭಯವಿಲ್ಲ.

ಹಳೆಯ ಫೋನು ಕೊನೆಗೊಮ್ಮೆ ಕೈಕೊಡುವುದು ಖಂಡಿತ. ಹೊಸದು ತಂದು ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಡುವ ದಿನ, ಫ್ಯಾಕ್ಟರಿ ರಿಸೆಟ್ ಮಾಡುವ ಮುಂಚೆ ಜಾಪ್ಲಿನ್‌ನ Sync Status ಪುಟ ತೆರೆಯಬೇಕು. ಒಟ್ಟು ಟಿಪ್ಪಣಿಗಳ ಸಂಖ್ಯೆಯೂ ಸಿಂಕ್ ಆದವುಗಳ ಸಂಖ್ಯೆಯೂ ಒಂದೇ ಆಗಿದ್ದು, Conflicted ಎಂಬುದರ ಮುಂದೆ ಸೊನ್ನೆ ಇದ್ದರೆ ಫೋನಿನಲ್ಲಿ ಮಾತ್ರ ಉಳಿದ ಬರಹ ಯಾವುದೂ ಇಲ್ಲ. ಸೊನ್ನೆ ಅಲ್ಲದಿದ್ದರೆ Conflicts ಪುಸ್ತಕ ತೆರೆದು, ಅದರಲ್ಲಿರುವುದನ್ನು ಅಸಲು ಟಿಪ್ಪಣಿಗೆ ಸೇರಿಸಿ, ಮತ್ತೊಮ್ಮೆ ಸಿಂಕ್ ಮಾಡಿದ ಮೇಲೆಯೇ ರಿಸೆಟ್ ಒತ್ತಬೇಕು.