ನಿಮ್ಮ ಉತ್ತರಕ್ಕೆ ನೀವೇ ಅಂಕ ಹಾಕಿ

ಎಸ್‌ಎಸ್‌ಎಲ್‌ಸಿ ಸಮಾಜ ವಿಜ್ಞಾನದ ಮಾದರಿ ಉತ್ತರಗಳಲ್ಲಿ ದೊಡ್ಡ ಪ್ರಶ್ನೆಯ ಪಕ್ಕ 4×1=4 ಅಥವಾ 8×½=4 ಎಂಬಂಥ ಲೆಕ್ಕ ಇರುತ್ತದೆ. ಮೌಲ್ಯಮಾಪಕರು ಉತ್ತರವನ್ನು ಕಥೆಯಂತೆ ಓದುವುದಿಲ್ಲ, ಅದರಲ್ಲಿ ಅಂಶ ಹುಡುಕುತ್ತಾರೆ. ಮನೆಯಲ್ಲಿ ಅಂಕ ಹಾಕಿಕೊಳ್ಳುವಾಗಲೂ ಈ ಲೆಕ್ಕವೇ ಆಧಾರ.

ಸಹಾಯಕ ಸೈನ್ಯ ಪದ್ಧತಿಯ ನಿಬಂಧನೆಗಳನ್ನು ವಿವರಿಸಿ ಎಂಬ ನಾಲ್ಕು ಅಂಕದ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಅಂಶಕ್ಕೊಂದು ಅಂಕ ಎಂದಿಟ್ಟುಕೊಂಡು ಒಂದು ಪಟ್ಟಿ ಮಾಡಿ: ರಾಜ ತನ್ನ ರಾಜ್ಯದಲ್ಲಿ ಬ್ರಿಟಿಷ್ ಸೈನ್ಯ ಇಟ್ಟುಕೊಳ್ಳಬೇಕು, ಅದರ ಖರ್ಚು ಕೊಡಬೇಕು, ಇಲ್ಲವೇ ಪ್ರದೇಶ ಬಿಟ್ಟುಕೊಡಬೇಕು, ಆಸ್ಥಾನದಲ್ಲಿ ಬ್ರಿಟಿಷ್ ರೆಸಿಡೆಂಟ್ ಇರಬೇಕು, ಅನುಮತಿಯಿಲ್ಲದೆ ಬೇರೆ ಯುರೋಪಿಯನ್ನರನ್ನು ನೇಮಿಸಿಕೊಳ್ಳಬಾರದು, ಬೇರೆ ರಾಜರೊಡನೆ ಯುದ್ಧ, ಒಪ್ಪಂದಗಳಿಗೂ ಅನುಮತಿ ಬೇಕು, ಬದಲಿಗೆ ಕಂಪನಿ ರಾಜ್ಯಕ್ಕೆ ರಕ್ಷಣೆ ಕೊಡುತ್ತದೆ. ಇವುಗಳಲ್ಲಿ ಯಾವ ನಾಲ್ಕು ಬರೆದರೂ ಸರಿ.

ಈಗ ಹುಡುಗನೊಬ್ಬ ಹೀಗೆ ಬರೆದಿದ್ದಾನೆ ಎನ್ನಿ: ‘ಇದನ್ನು 1798ರಲ್ಲಿ ಲಾರ್ಡ್ ವೆಲ್ಲೆಸ್ಲಿ ಜಾರಿಗೆ ತಂದನು. ಹೈದರಾಬಾದಿನ ನಿಜಾಮ ಮೊದಲು ಒಪ್ಪಿದನು. ರಾಜರು ಬ್ರಿಟಿಷ್ ಸೈನ್ಯ ಇಟ್ಟುಕೊಳ್ಳಬೇಕಿತ್ತು. ಸೈನ್ಯಕ್ಕೆ ಹಣ ಕೊಡಬೇಕಿತ್ತು. ಅದರ ಖರ್ಚೆಲ್ಲ ರಾಜರದೇ. ಇದರಿಂದ ರಾಜರು ಸ್ವಾತಂತ್ರ್ಯ ಕಳೆದುಕೊಂಡರು.’ ಆರು ವಾಕ್ಯ, ಒಂದರಲ್ಲೂ ತಪ್ಪಿಲ್ಲ. ಮೂರಾದರೂ ಬರಬೇಕು ಎಂದು ಅವನಿಗೆ ಅನ್ನಿಸುತ್ತದೆ.

ಪೆನ್ಸಿಲ್ ಹಿಡಿದು ಪಟ್ಟಿಯಲ್ಲಿರುವ ಮಾತಿನ ಕೆಳಗೆ ಮಾತ್ರ ಗೆರೆ ಎಳೆಯಲಿ. ಸೈನ್ಯ, ಒಂದು. ಹಣ, ಒಂದು. ಖರ್ಚು ಎಂದದ್ದು ಅದೇ ಅಂಶ, ಮತ್ತೆ ಎಣಿಸುವಂತಿಲ್ಲ. ವೆಲ್ಲೆಸ್ಲಿ, ನಿಜಾಮ ಇಬ್ಬರೂ ಪೀಠಿಕೆಗೆ ಸೇರಿದವರು. ಸ್ವಾತಂತ್ರ್ಯ ಹೋದದ್ದು ಪರಿಣಾಮ, ನಿಬಂಧನೆಯಲ್ಲ. ಪ್ರಶ್ನೆ ಅದನ್ನು ಕೇಳಿಲ್ಲ. ಸಿಕ್ಕಿದ್ದು ಎರಡು. ರೆಸಿಡೆಂಟ್ ಬಗ್ಗೆ ಒಂದು ಸಾಲು, ಒಪ್ಪಂದದ ಬಗ್ಗೆ ಒಂದು ಸಾಲು ಇದ್ದಿದ್ದರೆ ಪೂರ್ತಿ ನಾಲ್ಕು. ಹೆಚ್ಚು ಬರೆಯಬೇಕಿರಲಿಲ್ಲ, ಬೇರೆಯದನ್ನು ಬರೆಯಬೇಕಿತ್ತು.

ಬರೆದ ತಕ್ಷಣ ಅಂಕ ಹಾಕಬೇಡಿ. ಹೇಳಬೇಕೆಂದುಕೊಂಡದ್ದೂ ತಲೆಯಲ್ಲೇ ಇರುವುದರಿಂದ ಬರೆಯದ ಮಾತಿಗೂ ಕೈ ಅಂಕ ಕೊಟ್ಟುಬಿಡುತ್ತದೆ. ಒಂದೆರಡು ದಿನ ಬಿಟ್ಟು ನೋಡಿ. ನಿಮ್ಮ ಪಟ್ಟಿ ಎಷ್ಟು ನೆಟ್ಟಗಿದೆ ಎಂದು ತಿಳಿಯಲು, ಮೇಷ್ಟ್ರು ತಿದ್ದಿಕೊಟ್ಟ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಕ್ಕೆ ಅವರ ಅಂಕ ಮುಚ್ಚಿಟ್ಟುಕೊಂಡು ನೀವೂ ಅಂಕ ಹಾಕಿ. ವ್ಯತ್ಯಾಸ ಬಂದರೆ ಅದು ಯಾವ ಅಂಶದಲ್ಲಿ ಬಂತು ಎಂದು ಹುಡುಕಿ. ಸಾಮಾನ್ಯವಾಗಿ ಅದು ಅರ್ಧಂಬರ್ಧ ಬರೆದ ಅಂಶವೇ ಆಗಿರುತ್ತದೆ. ಪಟ್ಟಿಯಲ್ಲಿಲ್ಲದ, ಆದರೆ ಸರಿಯೆನಿಸುವ ಅಂಶ ಸಿಕ್ಕಿದರೆ ಅದಕ್ಕೆ ಪ್ರಶ್ನಾರ್ಥಕ ಹಾಕಿ ಮೇಷ್ಟ್ರಿಗೆ ತೋರಿಸಿ.

ಕನ್ನಡ ಪ್ರಬಂಧಕ್ಕೆ ಈ ಪಟ್ಟಿ ನಡೆಯುವುದಿಲ್ಲ. ಅಲ್ಲಿ ಪೀಠಿಕೆಗೂ ಉಪಸಂಹಾರಕ್ಕೂ ಬೆಲೆ ಇದೆ, ಭಾಷೆಗೂ ಇದೆ; ನಿಮ್ಮ ವಾಕ್ಯ ಚೆನ್ನಾಗಿದೆಯೇ ಎಂದು ನೀವೇ ಹೇಳುವುದು ಕಷ್ಟ. ಆ ಪುಟವನ್ನು ಬೇರೆಯವರ ಕೈಗೆ ಕೊಡಿ.